ರೈಲಿನ ಫೋಟೊ ಎಲ್ಲಿಯದು? ಹಳಿ, ಕಂಬ, ಪ್ಲಾಟ್‌ಫಾರಂ ಹೇಳುತ್ತವೆ

ಶಿಕ್ಷಕ ಮಿತ್ರರೇ, ಈ ಫೋಟೊ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತೆ. ರೈಲಿನ ಛಾವಣಿ ಮೇಲೆ, ಎಂಜಿನ್ ಮೇಲೆ, ಬಾಗಿಲಲ್ಲಿ, ಎಲ್ಲಿ ನೋಡಿದರೂ ಜನ. ಬೋಗಿಯೇ ಕಾಣದಷ್ಟು ಜನ. ಕೆಳಗೆ ಒಂದು ಸಾಲು: "ನಮ್ಮ ರೈಲ್ವೆಯ ಸ್ಥಿತಿ ನೋಡಿ." ಇಂಥ ಫೋಟೊ ಮಕ್ಕಳ ಫೋನಿಗೂ ಹೋಗುತ್ತೆ. ಅವರು ಅದನ್ನು ತರಗತಿಗೆ ತಂದು "ಸರ್, ಇದು ನಿಜಾನಾ?" ಅಂತ ಕೇಳಿದರೆ ಏನು ಹೇಳ್ತೀರಿ? ನಿಜ ಅಂದರೆ ಯಾರದೋ ಊರಿನ ದೃಶ್ಯವನ್ನು ನಮ್ಮ ತಲೆಗೆ ಕಟ್ಟಿದಂತೆ. ಸುಳ್ಳು ಅಂದರೆ ಕಾರಣ ಕೊಡಬೇಕು. ಆ ಕಾರಣ ಫೋಟೊದ ಒಳಗೇ ಇರುತ್ತೆ, ಒಂದು ಸ್ಕೇಲು ಇದ್ದರೆ ಅಳೆದೂ ತೋರಿಸಬಹುದು.

ಮೊದಲು ಒಂದು ಮಾತು. ರೈಲನ್ನು ನೋಡಿ ಊರು ಹೇಳಲು ಹೋಗಬೇಡಿ. ರೈಲು ಓಡಾಡುವ ವಸ್ತು, ಮಾರಾಟವೂ ಆಗುತ್ತೆ. ಭಾರತದಲ್ಲಿ ತಯಾರಾದ ಎಂಜಿನ್, ಬೋಗಿಗಳು ಬಾಂಗ್ಲಾದೇಶದಲ್ಲೂ ಶ್ರೀಲಂಕಾದಲ್ಲೂ ಓಡುತ್ತಿವೆ. ಬಣ್ಣವನ್ನು ಬದಲಾಯಿಸುವುದು ಇನ್ನೂ ಸುಲಭ. ನೆಲಕ್ಕೆ ಕಚ್ಚಿಕೊಂಡಿರುವ ಹಳಿ, ವಿದ್ಯುತ್ ಕಂಬ, ಪ್ಲಾಟ್‌ಫಾರಂ ಮಾತ್ರ ಎಲ್ಲಿಗೂ ಹೋಗಲ್ಲ. ಅದಕ್ಕೇ ಅವುಗಳನ್ನು ಸಾಕ್ಷಿಯಾಗಿ ಇಟ್ಟುಕೊಳ್ಳೋಣ.

ಹಳಿಯ ಅಗಲ

ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವೇ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಯುರೋಪಿನ ಬಹುಭಾಗ, ಚೀನಾ, ಅಮೆರಿಕಗಳಲ್ಲಿ ಇರೋದು 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜ್. ಮೀಟರ್ ಗೇಜ್ ಹೆಸರೇ ಹೇಳುವಂತೆ 1000 ಮಿ.ಮೀ. ಸೊಲ್ಲಾಪುರ, ಅಕ್ಕಲಕೋಟೆ ರೋಡ್, ಆದೋನಿ ಕಡೆಯವರಿಗೆ ಬ್ರಾಡ್ ಗೇಜ್ ಅಜ್ಜಂದಿರ ಕಾಲದಿಂದ ಪರಿಚಯ. ರಾಯದುರ್ಗ, ಹೊಸೂರು ಕಡೆಯ ಹಿರಿಯರಿಗೆ ಹಳೆಯ ಮೀಟರ್ ಗೇಜ್ ಗಾಡಿಗಳು ನೆನಪಿರಬಹುದು. ನೀಲಗಿರಿಯವರಂತೂ ಅದನ್ನು ಇವತ್ತಿಗೂ ಕಣ್ಣಾರೆ ನೋಡ್ತಾರೆ. ಮೆಟ್ಟುಪಾಳ್ಯದಿಂದ ಊಟಿಗೆ ಹತ್ತುವ ಗಾಡಿ ಮೀಟರ್ ಗೇಜಿನದು.

ಫೋಟೊದಲ್ಲಿ ಮಿಲಿಮೀಟರ್ ಗುರುತು ಇರಲ್ಲವಲ್ಲ, ಅಳೆಯೋದು ಹೇಗೆ? ಅನುಪಾತದಿಂದ. ಒಂದೇ ದೂರದಲ್ಲಿರುವ ಎರಡು ವಸ್ತುಗಳು ಫೋಟೊದಲ್ಲಿ ಒಂದೇ ಪ್ರಮಾಣದಲ್ಲಿ ಚಿಕ್ಕದಾಗುತ್ತವೆ, ಆದ್ದರಿಂದ ಅವುಗಳ ಅನುಪಾತ ಬದಲಾಗಲ್ಲ. ರೈಲು ಎದುರಿನಿಂದ ಬರುತ್ತಿರುವ ಫೋಟೊ ತೆಗೆದುಕೊಳ್ಳಿ. ರೈಲಿನ ಮುಖದ ಅಗಲವನ್ನೂ, ಆ ಮುಖದ ನೇರ ಕೆಳಗೆ ಹಳಿಗಳ ಅಂತರವನ್ನೂ ಅಳೆಯಿರಿ. ನಮ್ಮ ಬ್ರಾಡ್ ಗೇಜ್ ಬೋಗಿ ಸುಮಾರು 3.25 ಮೀಟರ್ ಅಗಲ, ಅಂದರೆ ಗೇಜಿನ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ. ಮೀಟರ್ ಗೇಜ್ ಬೋಗಿ ಸುಮಾರು 2.7 ಮೀಟರ್, ಅಂದರೆ ಗೇಜಿನ 2.7 ಪಟ್ಟು. ಅದಕ್ಕೇ ಮೀಟರ್ ಗೇಜ್ ರೈಲು ಎದುರಿನಿಂದ ನೋಡಿದಾಗ ಸಣ್ಣ ಕಾಲಿನ ಮೇಲೆ ದೊಡ್ಡ ಮೈ ಹೊತ್ತಂತೆ ಕಾಣುತ್ತೆ.

ಈ ಅಳತೆಗೆ ಒಂದು ಮಿತಿ ಇದೆ. ಯುರೋಪಿನ ಸ್ಟ್ಯಾಂಡರ್ಡ್ ಗೇಜ್ ಬೋಗಿ ಸುಮಾರು 2.8 ಮೀಟರ್ ಅಗಲ. ಅಲ್ಲೂ ಅನುಪಾತ ಎರಡರ ಹತ್ತಿರವೇ ಬರುತ್ತೆ. ಹಾಗಾಗಿ ಮೀಟರ್ ಗೇಜನ್ನು ಬೇರೆ ಮಾಡಲು ಬೋಗಿಯ ಅಗಲ ಸಾಕು, ಬ್ರಾಡ್ ಮತ್ತು ಸ್ಟ್ಯಾಂಡರ್ಡ್ ಗೇಜನ್ನು ಬೇರೆ ಮಾಡಲು ಸಾಲದು. ಅದಕ್ಕೆ ಸ್ಲೀಪರ್ ನೋಡಬೇಕು. ನಮ್ಮ ಬ್ರಾಡ್ ಗೇಜಿನ ಕಾಂಕ್ರೀಟ್ ಸ್ಲೀಪರ್ 2.75 ಮೀಟರ್ ಉದ್ದ, ಗೇಜ್ ಅದರ ಶೇ. 61. ಯುರೋಪಿನ ಸ್ಲೀಪರ್ ಸಾಮಾನ್ಯವಾಗಿ 2.6 ಮೀಟರ್, ಗೇಜ್ ಅದರ ಶೇ. 55. ವ್ಯತ್ಯಾಸ ಚಿಕ್ಕದು. ಸ್ಲೀಪರಿನ ತುದಿ ಜಲ್ಲಿಯಲ್ಲಿ ಮುಚ್ಚಿಹೋಗಿದ್ದರೆ ಈ ಅಳತೆಯನ್ನು ಬಿಟ್ಟುಬಿಡಿ.

ಇನ್ನೊಂದು ಮಾತು. 1676 ಅಂತ ಗೊತ್ತಾದರೂ "ಭಾರತ" ಅಂತ ಬರೆಯುವಂತಿಲ್ಲ. ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶದ ಪಶ್ಚಿಮ ಭಾಗ, ದೂರದ ಅರ್ಜೆಂಟೀನಾದಲ್ಲೂ ಅದೇ ಗೇಜ್ ಇದೆ. ಗೇಜ್ "ಇಲ್ಲಿಯದಲ್ಲ" ಅನ್ನೋದನ್ನು ಗಟ್ಟಿಯಾಗಿ ಹೇಳುತ್ತೆ, "ಇಲ್ಲಿಯದೇ" ಅನ್ನೋದನ್ನು ಹೇಳಲ್ಲ.

ಕಂಬ ಮತ್ತು ತಂತಿ

ನಮ್ಮ ಬ್ರಾಡ್ ಗೇಜ್ ಮಾರ್ಗಗಳು ಈಗ ಹೆಚ್ಚುಕಡಿಮೆ ಪೂರ್ತಿ ವಿದ್ಯುದೀಕರಣ ಆಗಿವೆ. ಹಳಿಯ ಪಕ್ಕ ಉಕ್ಕಿನ ಕಂಬ, ಅದರಿಂದ ಹಳಿಯ ಕಡೆ ಚಾಚಿದ ತೋಳು, ತೋಳಿನ ಬುಡದಲ್ಲಿ ಬಳೆ ಜೋಡಿಸಿದಂತಿರುವ ಉದ್ದನೆಯ ಇನ್ಸುಲೇಟರ್. ತಂತಿಯಲ್ಲಿ 25,000 ವೋಲ್ಟ್ ಎ.ಸಿ. ಇರೋದರಿಂದ ಇನ್ಸುಲೇಟರ್ ಅಷ್ಟು ಉದ್ದ ಬೇಕು. 1,500 ವೋಲ್ಟ್ ಡಿ.ಸಿ. ಬಳಸುವ ಕಡೆ ಅದು ತುಂಬಾ ಚಿಕ್ಕದು. ಕಂಬದ ಮೇಲೆ ಒಂದು ಸಂಖ್ಯೆಯೂ ಇರುತ್ತೆ. ಅದರ ಮೊದಲ ಭಾಗ ಕಿಲೋಮೀಟರ್, ಎರಡನೆಯದು ಆ ಕಿಲೋಮೀಟರಿನಲ್ಲಿ ಕಂಬದ ಕ್ರಮಸಂಖ್ಯೆ. ಸೊಲ್ಲಾಪುರ ಮುಂಬಯಿಯಿಂದ ಸುಮಾರು 455 ಕಿ.ಮೀ. ದೂರ, ಅಲ್ಲಿನ ಕಂಬಗಳ ಮೇಲಿನ ಸಂಖ್ಯೆಯೂ ಅದರ ಆಸುಪಾಸು. ಫೋಟೊ ದೊಡ್ಡದು ಮಾಡಿದಾಗ ಈ ಸಂಖ್ಯೆ ಓದಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಈಗ ಛಾವಣಿ ಮೇಲಿನ ಜನರ ಲೆಕ್ಕ ನೋಡಿ. ಸಾಮಾನ್ಯ ಜಾಗದಲ್ಲಿ ತಂತಿ ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿರುತ್ತೆ. ಬೋಗಿಯ ಛಾವಣಿ ಸುಮಾರು ನಾಲ್ಕು ಮೀಟರ್. ನಡುವೆ ಉಳಿಯೋದು ಒಂದೂವರೆ ಮೀಟರ್. ಛಾವಣಿ ಮೇಲೆ ನಿಂತವನ ತಲೆ ನೇರ ತಂತಿಗೇ ತಾಗುತ್ತೆ. ಕೂತವನಿಗೂ ತಂತಿಗೂ ಅರ್ಧ, ಮುಕ್ಕಾಲು ಮೀಟರ್ ಅಷ್ಟೇ. ಈ ತಂತಿಯಿಂದ ಎರಡು ಮೀಟರ್ ಒಳಗೆ ಹೋಗಬಾರದು ಅನ್ನೋದು ರೈಲ್ವೆ ನಿಯಮ. ಮುಟ್ಟದಿದ್ದರೂ, ಕೈ ಎತ್ತಿ ಹತ್ತಿರಕ್ಕೆ ಹೋದರೆ ಗಾಳಿಯ ಮೂಲಕವೇ ಕಿಡಿ ಹಾರುತ್ತೆ. ಆದ್ದರಿಂದ ಛಾವಣಿ ತುಂಬ ಜನ ಆರಾಮಾಗಿ ನಿಂತಿದ್ದಾರೆ ಅಂದರೆ ಅಲ್ಲಿ ಜೀವಂತ 25,000 ವೋಲ್ಟ್ ತಂತಿ ಇಲ್ಲ ಅಂತಲೇ ಅರ್ಥ.

ಇಲ್ಲೂ ಎಚ್ಚರ ಬೇಕು. ಸುಮಾರು ಹತ್ತು ವರ್ಷದ ಹಿಂದೆ ನಮ್ಮ ಮಾರ್ಗಗಳಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ತಂತಿ ಇತ್ತು. ಹಾಗಾಗಿ ತಂತಿ ಇಲ್ಲದ ಹಳೆಯ ಫೋಟೊ ಭಾರತದ್ದೇ ಆಗಿರಬಹುದು. ಫೋಟೊದ ಮೇಲ್ಭಾಗ ಕತ್ತರಿಸಿದ್ದರೆ ತಂತಿ ಕಾಣಲ್ಲ. ಆಗ ಹಳಿಯ ಪಕ್ಕ ಕಂಬದ ಕಾಂಕ್ರೀಟ್ ಬುಡ ಇದೆಯಾ, ನೆಲದ ಮೇಲೆ ಕಂಬದ ನೆರಳು ಬಿದ್ದಿದೆಯಾ ನೋಡಿ.

ಪ್ಲಾಟ್‌ಫಾರಂ

ನಮ್ಮ ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 760ರಿಂದ 840 ಮಿ.ಮೀ. ಮೇಲಿರುತ್ತೆ. ಬೋಗಿಯ ನೆಲ ಅದಕ್ಕಿಂತ ಎತ್ತರ, ಹಾಗಾಗಿ ಒಂದು ಹೆಜ್ಜೆ ಎತ್ತಿ ಹತ್ತಲೇಬೇಕು. ಬೋಗಿಯ ನೆಲ, ಪ್ಲಾಟ್‌ಫಾರಂ ಎರಡೂ ಒಂದೇ ಮಟ್ಟದಲ್ಲಿದ್ದರೆ ಅದು ಮೆಟ್ರೊ ಇರಬೇಕು, ಇಲ್ಲವೇ ಚೀನಾ, ಜಪಾನಿನಂಥ ಕಡೆಯದು. ಇದಕ್ಕಿಂತ ಗಟ್ಟಿ ಸುಳಿವು ಹೆಸರಿನ ಫಲಕ. ನಮ್ಮಲ್ಲಿ ಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ. ರಾಜ್ಯದ ಭಾಷೆ, ಹಿಂದಿ, ಇಂಗ್ಲಿಷ್. ಕೆಳಗೆ ಎಷ್ಟೋ ಕಡೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತಲೂ ಬರೆದಿರುತ್ತೆ.

ಲಿಪಿ ಒಂದನ್ನೇ ನಂಬಿದರೆ ಮೋಸ ಹೋಗ್ತೀವಿ. ಭಾಷೆ ಗಡಿಯಲ್ಲಿ ನಿಲ್ಲಲ್ಲ ಅನ್ನೋದು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಂಗಾಳಿ ಅಕ್ಷರ ಕಂಡರೆ ಅದು ಪಶ್ಚಿಮ ಬಂಗಾಳವೂ ಆಗಬಹುದು, ಬಾಂಗ್ಲಾದೇಶವೂ ಆಗಬಹುದು. ನೋಡಬೇಕಾದ್ದು ಫಲಕದಲ್ಲಿ ಹಿಂದಿ ಸಾಲು ಇದೆಯೋ ಇಲ್ಲವೋ ಅನ್ನೋದನ್ನು. ಬಂಗಾಳಿ, ಇಂಗ್ಲಿಷ್ ಮಾತ್ರ ಇದ್ದರೆ ಗಡಿಯಾಚೆ.

ಮೂರು ಹಳಿಯ ಫೋಟೊ

ಈಗ ಮೊದಲಿನ ಫೋಟೊಗೆ ಬರೋಣ. ಮೇಲುಸೇತುವೆಯಿಂದ, ಹಳಿಯ ಉದ್ದಕ್ಕೆ ನೋಡಿ ತೆಗೆದದ್ದು ಅಂತ ಇಟ್ಟುಕೊಳ್ಳಿ. ರೈಲಿನ ಮುಂದೆ ಖಾಲಿ ಹಳಿ ಕಾಣುತ್ತಿದೆ. ಸರಿಯಾಗಿ ನೋಡಿದರೆ ಒಂದೇ ಸ್ಲೀಪರ್ ಮೇಲೆ ಎರಡಲ್ಲ, ಮೂರು ಹಳಿ! ಒಂದೇ ದಾರಿಯಲ್ಲಿ ಎರಡು ಗೇಜಿನ ಗಾಡಿ ಓಡಿಸಲು ಹೀಗೆ ಹಾಕ್ತಾರೆ. ಒಂದು ಅಂಚಿನ ಹಳಿ ಎರಡಕ್ಕೂ ಸಾಮಾನ್ಯ. ಉಳಿದ ಎರಡರಲ್ಲಿ ಒಂದು ಹತ್ತಿರ, ಒಂದು ದೂರ.

ಫೋಟೊ ಪ್ರಿಂಟ್ ಹಾಕಿ, ಒಂದು ಸ್ಲೀಪರ್ ಗುಂಟ ಸ್ಕೇಲಿಡಿ. ಸಾಮಾನ್ಯ ಹಳಿಯ ಒಳ ಅಂಚಿನಿಂದ ನಡು ಹಳಿಯ ಈಚೆ ಅಂಚಿಗೆ 31 ಮಿ.ಮೀ., ಆಚೆ ತುದಿಯ ಹಳಿಯ ಒಳ ಅಂಚಿಗೆ 52 ಮಿ.ಮೀ. ಬಂತು ಎನ್ನೋಣ. 31 ಭಾಗಿಸು 52, ಸುಮಾರು 0.60. ನಿಜದ ಗೇಜುಗಳಲ್ಲಿ 1000 ಭಾಗಿಸು 1676 ಕೂಡ 0.60. ವಿಯೆಟ್ನಾಮಿನ ಹನೋಯ್ ಸುತ್ತ ಕೂಡ ಮೂರು ಹಳಿ ಇದೆ, ಆದರೆ ಅಲ್ಲಿ 1000 ಮತ್ತು 1435. ಅನುಪಾತ 0.70 ಬರಬೇಕಿತ್ತು. ಪ್ರಿಂಟಿನಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ 0.60 ಹೋಗಿ 0.70 ಆಗಲ್ಲ. ಮೀಟರ್ ಗೇಜೂ ನಮ್ಮ ಬ್ರಾಡ್ ಗೇಜೂ ಒಟ್ಟಿಗೆ ಇರುವ ಇಂಥ ದಾರಿ ಇವತ್ತು ಪ್ರಯಾಣಿಕರಿಗೆ ದೊಡ್ಡ ಪ್ರಮಾಣದಲ್ಲಿ ಬಳಕೆಯಲ್ಲಿರೋದು ಬಾಂಗ್ಲಾದೇಶದಲ್ಲಿ. ಢಾಕಾದಿಂದ ಟೊಂಗಿ ಕಡೆಗೆ ಹೋಗುವ ಮಾರ್ಗ ಹಾಗಿದೆ.

ಉಳಿದ ಸಾಕ್ಷಿಗಳನ್ನೂ ಜೊತೆಗೆ ಸೇರಿಸಿ. ರೈಲು ಸ್ಲೀಪರಿನ ನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ, ಅಂದರೆ ಮೀಟರ್ ಗೇಜ್ ಗಾಡಿ. ಕಂಬ, ತಂತಿ ಎಲ್ಲೂ ಇಲ್ಲ. ಬಾಂಗ್ಲಾದೇಶದಲ್ಲಿ ಢಾಕಾ ಮೆಟ್ರೊ ಬಿಟ್ಟರೆ ರೈಲುಗಳೆಲ್ಲ ಡೀಸೆಲ್ಲಿನವೇ. ಪ್ಲಾಟ್‌ಫಾರಂ ಫಲಕದಲ್ಲಿ ಹಿಂದಿ ಇಲ್ಲ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಟೊಂಗಿಯ ಧಾರ್ಮಿಕ ಸಮಾವೇಶಕ್ಕೆ, ಈದ್ ಹಬ್ಬಕ್ಕೆ ಊರಿಗೆ ಹೊರಟವರು ಹೀಗೆ ಛಾವಣಿ ಏರುವ ಫೋಟೊಗಳು ಪ್ರತಿ ವರ್ಷ ಬರುತ್ತವೆ, ಅವುಗಳಲ್ಲಿ ಕೆಲವು ಬೇರೆ ತಲೆಬರಹ ಹೊತ್ತು ನಮ್ಮ ಫೋನಿಗೆ ಬರುತ್ತವೆ.

ಮೂರನೇ ಹಳಿ ಕಂಡ ತಕ್ಷಣ ಹೀಗೇ ತೀರ್ಮಾನಿಸಬಾರದು. ನೀಲಗಿರಿ ಗಾಡಿಯ ಕಲ್ಲಾರ್–ಕೂನೂರು ಏರಿನಲ್ಲೂ ಹಳಿಗಳ ಮಧ್ಯೆ ಇನ್ನೊಂದು ಪಟ್ಟಿ ಇದೆ. ಅದು ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳುವ ಹಲ್ಲಿನ ಪಟ್ಟಿ, ಸರಿಯಾಗಿ ನಟ್ಟ ನಡುವೆ ಇರುತ್ತೆ. ಸೇತುವೆ ಮೇಲೆ ಚಕ್ರ ತಪ್ಪದಂತೆ ಒಳಗಡೆ ಹಾಕುವ ಕಾವಲು ಹಳಿಗಳೂ ಇರುತ್ತವೆ. ಅವು ಜೋಡಿಯಾಗಿರುತ್ತವೆ, ಸೇತುವೆ ದಾಟಿದ ಮೇಲೆ ಮುಗಿದುಹೋಗುತ್ತವೆ. ಎರಡು ಗೇಜಿನ ದಾರಿಯಲ್ಲಿ ಮೂರನೇ ಹಳಿ ಒಂದು ಪಕ್ಕಕ್ಕೆ ಸರಿದಿರುತ್ತೆ, ಕಣ್ಣಿಗೆ ಕಾಣುವಷ್ಟು ದೂರ ಹಾಗೇ ಸಾಗುತ್ತೆ.

ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಒಂದು ಪಿರಿಯಡ್ಡಿನಲ್ಲಿ ಮಾಡಿಸಬಹುದು. ನಿಮ್ಮ ಹತ್ತಿರದ ಸ್ಟೇಷನ್ನಿನ ಒಂದು ಫೋಟೊ, ಬೇರೆ ದೇಶದ ಎರಡು ಫೋಟೊ ಪ್ರಿಂಟ್ ಹಾಕಿ ಕೊಡಿ. ಹಳಿ, ಕಂಬ, ಪ್ಲಾಟ್‌ಫಾರಂ ಅಂತ ಮೂರು ಕಲಂ ಬರೆಸಿ. ಪ್ರತಿ ಕಲಮಿನಲ್ಲೂ "ಇದು ಏನನ್ನು ಹೊರಗಿಡುತ್ತೆ?" ಅಂತ ಬರೆಯಲಿ. ಕಾಣದ್ದಕ್ಕೆ "ಕಾಣುತ್ತಿಲ್ಲ" ಅಂತಲೇ ಬರೆಯಲಿ, "ಇಲ್ಲ" ಅಂತ ಬರೆದರೆ ತಿದ್ದಿ. ಫೋಟೊ ನೀವೇ ತೆಗೆಯುವುದಾದರೆ ಮೇಲುಸೇತುವೆಯಿಂದ ತೆಗೆಯಿರಿ. ಅಳತೆ ಎಲ್ಲಾ ಕಾಗದದ ಮೇಲೆ ಆಗಲಿ, ಮಕ್ಕಳನ್ನು ಹಳಿಯ ಹತ್ತಿರ ಕರೆದೊಯ್ಯೋದು ಬೇಡ.