ಮುಖ ಹಾಗೇ ಇರಲಿ, ಸೀರೆ ಬದಲಾಗಲಿ

ತೀರಿಕೊಂಡ ಅಜ್ಜಿಯ ಫೋಟೊ ಗೋಡೆಗೆ ಹಾಕಬೇಕು. ಮನೆಯಲ್ಲಿರುವುದು ಯಾರೋ ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರ. ನಗು ಚೆನ್ನಾಗಿ ಬಂದಿದೆ, ಆದರೆ ಉಟ್ಟಿರುವುದು ಮಾಸಿದ ಹೂವಿನ ವಾಯಿಲ್ ಸೀರೆ. ‘ಮುಖ ಮುಟ್ಟಬೇಡಿ ಸಾರ್, ಮೈಸೂರು ಸಿಲ್ಕ್ ಉಡಿಸಿಕೊಡಿ’ ಎಂಬ ಬೇಡಿಕೆಯೊಂದಿಗೆ ಮನೆಯವರು ಮೈಸೂರಿನ ಯಾವುದೋ ಸ್ಟುಡಿಯೊಗೆ ಬಂದಿದ್ದಾರೆ ಎಂದುಕೊಳ್ಳಿ. ಬೇಡಿಕೆ ಹೊಸದೇನಲ್ಲ. ಕಪ್ಪು-ಬಿಳುಪು ಪ್ರಿಂಟಿನ ಮೇಲೆ ಕುಂಚ ಹಿಡಿದು ಸೀರೆಗೆ ಬಣ್ಣ ತುಂಬುತ್ತಿದ್ದ ಕಾಲವಿತ್ತು. ಪಾಸ್‌ಪೋರ್ಟ್ ಫೋಟೊಗೆಂದು ಗೋಡೆಯ ಮೊಳೆಗೆ ಕೋಟು, ಟೈ ನೇತುಹಾಕಿಟ್ಟ ಕಾಲವಿತ್ತು. ಆಮೇಲೆ ಫೋಟೊಶಾಪ್‌ನಲ್ಲಿ ಬೇರೆ ಮೈಮೇಲೆ ತಲೆ ಕೂರಿಸುವ ಕಾಲ ಬಂತು. ಕತ್ತಿನ ಬಳಿ ಅದು ಸುಳ್ಳೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಈಗ ಎಐ ಮಾಡೆಲ್‌ಗಳ ಸರದಿ. ಇಲ್ಲಿ ಕೆಲಸ ಕೆಡುವುದು ಬಹುಮಟ್ಟಿಗೆ ತಪ್ಪು ಮಾಡೆಲ್ ಆರಿಸಿಕೊಂಡಾಗ.

ಚಿತ್ರದ ಒಂದು ಭಾಗವನ್ನಷ್ಟೇ ತುಂಬುವ ಈ ಕೆಲಸಕ್ಕೆ ‘ಇನ್‌ಪೇಂಟಿಂಗ್’ ಎನ್ನುತ್ತಾರೆ. ಕಂಪ್ಯೂಟರಿನವರು ಇದನ್ನು ಕಲಿತದ್ದು ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ವರ್ಣಚಿತ್ರ ದುರಸ್ತಿ ಮಾಡುವವರಿಂದ. ಬಣ್ಣ ಉದುರಿದ ಜಾಗವನ್ನು ಮಾತ್ರ ತುಂಬಬೇಕು, ಮೂಲ ಕಲಾವಿದನ ಬಣ್ಣದ ಮೇಲೆ ಕುಂಚ ಹರಿಯಬಾರದು ಎನ್ನುವುದು ಅವರ ಕಟ್ಟುನಿಟ್ಟು. 2000ದಲ್ಲಿ ಬೆರ್ಟಾಲ್ಮಿಯೊ, ಸಪಿರೊ ಮತ್ತು ಸಂಗಡಿಗರು ಇದನ್ನು ಗಣಿತಕ್ಕೆ ಇಳಿಸುವಾಗ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದ ಸಂರಕ್ಷಕರನ್ನೇ ಕೇಳಿ ತಿಳಿದುಕೊಂಡರು. ಸುತ್ತಲಿನ ಗೆರೆ, ಬಣ್ಣಗಳನ್ನು ಮೆಲ್ಲಗೆ ಒಳಕ್ಕೆ ಹರಿಯಬಿಡುವುದು ಅವರ ಉಪಾಯ. ಫೋಟೊದ ಗೀರು ಮುಚ್ಚಲು ಅಷ್ಟು ಸಾಕಿತ್ತು. ಇಡೀ ಸೀರೆ ಮಾಯವಾದ ಜಾಗದಲ್ಲಿ ಹೊಸ ನೆರಿಗೆ ಹುಟ್ಟಿಸಲು ಸಾಲದು.

2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಲ್ಲರ ಕೈಗೆ ಸಿಕ್ಕಿತು. ಬರೀ ಮಚ್ಚೆಗಳಿಂದ, ಅಂದರೆ ನಾಯ್ಸ್‌ನಿಂದ ಶುರುಮಾಡಿ ಹಂತ ಹಂತವಾಗಿ ಮಚ್ಚೆ ಕಳೆಯುತ್ತಾ ಚಿತ್ರ ಮೂಡಿಸುವುದು ಇದರ ಬಗೆ. ಬಂದ ಕೂಡಲೇ ಜನ ಅದಕ್ಕೆ ಇನ್‌ಪೇಂಟಿಂಗ್ ಕೆಲಸವನ್ನೂ ಹಚ್ಚಿದರು. ಸೀರೆಯ ಜಾಗಕ್ಕೆ ಮಾಸ್ಕ್ ಬಳಿಯುವುದು, ಪ್ರತಿ ಹಂತದಲ್ಲೂ ಮಾಸ್ಕಿನ ಹೊರಗೆ ಮೂಲ ಫೋಟೊವನ್ನೇ ಮತ್ತೆ ತಂದಿಡುವುದು. ಕೇಳಲು ಸರಿಯಾಗಿಯೇ ಇದೆ.

ತೊಡಕು ಇರುವುದು ಇಲ್ಲಿ: ಹೊರಗೆ ತಂದಿಡುವ ಮೂಲ ಫೋಟೊಗೂ ಆ ಹಂತದಲ್ಲಿ ಎಷ್ಟು ಮಚ್ಚೆ ಇರಬೇಕೋ ಅಷ್ಟನ್ನು ಬೆರೆಸಿಯೇ ಇಡಬೇಕು. ಭುಜ ಎಲ್ಲಿ, ಸೆರಗು ಯಾವ ಕಡೆ ಎಂಬ ದೊಡ್ಡ ತೀರ್ಮಾನಗಳು ಆಗುವುದು ಮೊದಲ ಕೆಲವು ಹಂತಗಳಲ್ಲಿ. ಆ ಹೊತ್ತಿಗೆ ಅಜ್ಜಿಯ ಕತ್ತು, ಕೈಗಳೆಲ್ಲ ಮಚ್ಚೆಯಲ್ಲಿ ಮುಳುಗಿರುತ್ತವೆ. ಜೊತೆಗೆ, ಯಾವ ಜಾಗ ತುಂಬಬೇಕಾದ್ದು, ಯಾವುದು ಹಾಗೇ ಉಳಿಯಬೇಕಾದ್ದು ಎಂಬುದನ್ನು ಸಾಮಾನ್ಯ ಮಾಡೆಲ್‌ಗೆ ಯಾರೂ ಹೇಳಿರುವುದಿಲ್ಲ. ಅದು ತನ್ನ ಪಾಡಿಗೆ ಒಂದು ಇಡೀ ಚಿತ್ರ ಬಿಡಿಸುತ್ತಿರುತ್ತದೆ. ನಾವು ಅದರ ಸುತ್ತ ಕತ್ತರಿಸಿ ಅಂಟಿಸುತ್ತಿರುತ್ತೇವೆ.

ನಮ್ಮ ಅಜ್ಜಿಯ ಫೋಟೊದಲ್ಲಿ ಇದು ಹೇಗೆ ಕಾಣಿಸುತ್ತದೆ? ಮಾಸ್ಕಿನೊಳಗೆ ಎಷ್ಟು ಮಟ್ಟಿಗೆ ಅಳಿಸಿ ಬರೆಯಬೇಕೆಂದು ಹೇಳುವ ‘ಡಿನಾಯ್ಸಿಂಗ್ ಸ್ಟ್ರೆಂತ್’ ಎಂಬ ಅಳತೆ 0ಯಿಂದ 1ರವರೆಗೆ ಇರುತ್ತದೆ. 0.4 ಇಟ್ಟರೆ ವಾಯಿಲ್ ಸೀರೆಯ ಹೂಗಳು ಹೋಗುವುದೇ ಇಲ್ಲ, ಬಣ್ಣ ಮಾತ್ರ ಸ್ವಲ್ಪ ವಾಲುತ್ತದೆ. 0.9ಕ್ಕೆ ಏರಿಸಿದರೆ ರೇಷ್ಮೆ ಬರುತ್ತದೆ. ಆದರೆ ಸೆರಗು ಭುಜದ ಹತ್ತಿರ ತುಂಡಾಗುತ್ತದೆ, ಕತ್ತಿನ ಸರ ಮಾಸ್ಕಿನ ಗೆರೆಯಲ್ಲಿ ನಿಂತುಹೋಗುತ್ತದೆ, ಒಮ್ಮೊಮ್ಮೆ ಅಜ್ಜಿಯ ಎದೆಯ ಮೇಲೆ ಇನ್ನೊಂದು ಪುಟ್ಟ ಮುಖವೇ ಮೂಡಿಬಿಡುತ್ತದೆ. 0.6, 0.65 ಎಂದು ನಡುವೆ ಪರದಾಡಿದರೆ ಸೀರೆ ಅರ್ಧ ಹಳತು, ಅರ್ಧ ಹೊಸತು.

ಇದಕ್ಕಾಗಿಯೇ ಬೇರೆ ಮಾಡೆಲ್ ಬಂತು. 2022ರ ಅಕ್ಟೋಬರಿನಲ್ಲಿ ರನ್‌ವೇ ಸಂಸ್ಥೆ `sd-v1-5-inpainting.ckpt` ಎಂಬ ಕಡತವನ್ನು ಹೊರತಂದಿತು. ಸಾಮಾನ್ಯ ಮಾಡೆಲ್ ಒಳಗೆ ತೆಗೆದುಕೊಳ್ಳುವುದು 4 ಪದರಗಳ ಮಾಹಿತಿ. ಇದು 9 ತೆಗೆದುಕೊಳ್ಳುತ್ತದೆ. ಹೆಚ್ಚಿನ ಐದರಲ್ಲಿ ನಾಲ್ಕು, ಸೀರೆಯ ಜಾಗ ಮುಚ್ಚಿದ ಮೂಲ ಫೋಟೊ, ಒಂದು ಚೂರೂ ಮಚ್ಚೆಯಿಲ್ಲದೆ. ಐದನೆಯದು ಮಾಸ್ಕ್. ಹೀಗಾಗಿ ಮೊದಲ ಹಂತದಿಂದಲೇ ಕತ್ತು ಎಲ್ಲಿ ಮುಗಿಯುತ್ತದೆ, ಬೆಳಕು ಯಾವ ಕಿಟಕಿಯಿಂದ ಬೀಳುತ್ತಿದೆ ಎಂಬುದು ಅದಕ್ಕೆ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಹೊಸ ಐದು ಪದರಗಳ ತೂಕಗಳನ್ನು ಸೊನ್ನೆಗಿಟ್ಟು ತರಬೇತಿ ಆರಂಭಿಸಿದರು. ಹಳೆಯ ವಿದ್ಯೆ ಮರೆಯದೆ ಹೊಸದನ್ನು ಕಲಿಯಲಿ ಎಂಬ ಜಾಣತನ ಅದು. ಬಳಿಕ ಚಿತ್ರಗಳಿಗೆ ಬಗೆಬಗೆಯ ಮಾಸ್ಕ್ ಹಾಕಿ 4,40,000 ಹಂತ ತುಂಬುವ ಅಭ್ಯಾಸ ಮಾಡಿಸಿದರು. ಇಲ್ಲಿ ಸ್ಟ್ರೆಂತ್ 1ಕ್ಕೇ ಇಡಬಹುದು. ಹೂವಿನ ವಾಯಿಲ್ ಪೂರ್ತಿ ಅಳಿಯುತ್ತದೆ, ಆದರೂ ಹೊಸ ಸೆರಗು ಭುಜಕ್ಕೆ ಸರಿಯಾಗಿ ಕೂರುತ್ತದೆ. 2024ರ ನವೆಂಬರಿನಲ್ಲಿ ಬಂದ `FLUX.1 Fill` ಕೂಡ ತುಂಬುವುದಕ್ಕೆಂದೇ ತರಬೇತಿ ಪಡೆದ ಮಾಡೆಲ್. ಚಿತ್ರ ಬಹಳ ಸೊಗಸು, ಕಂಪ್ಯೂಟರಿನ ಮೇಲಿನ ಹೊರೆಯೂ ಬಹಳ.

ಮಾಡೆಲ್ ಸರಿಯಾಯಿತೆಂದು ಮಾಸ್ಕ್ ಹೇಗೋ ಬಳಿದರೆ ಆಗದು. ಹಳೆಯ ಸೀರೆಯ ಅಂಚಿಗೆ ಸರಿಯಾಗಿ ಬಳಿದರೆ ಅಂಚಿನಲ್ಲಿ ಉಳಿದ ಒಂದೆರಡು ಹೂವಿನ ಚುಕ್ಕೆಯನ್ನೇ ಸುಳಿವೆಂದು ಹಿಡಿದು ಅದು ಮತ್ತೆ ಹೂವಿನ ಸೀರೆಯನ್ನೇ ನೇಯುತ್ತದೆ. ನಾಲ್ಕಾರು ಪಿಕ್ಸೆಲ್ ಆಚೆಗೂ ಹೋಗಬೇಕು. ಆದರೆ ಬೆರಳು, ಮಾಂಗಲ್ಯದ ಸರ, ಭುಜಕ್ಕೆ ಇಳಿದ ಕೂದಲನ್ನು ಬಿಟ್ಟು ಬಳಿಯಬೇಕು. ಕುಪ್ಪಸದ ತೋಳು ಉದ್ದವಾಗಬೇಕಿದ್ದರೆ ಬರಿಗೈ ಕಾಣುವ ಜಾಗವನ್ನೂ ಸೇರಿಸಿಕೊಳ್ಳಬೇಕು, ಮಾಸ್ಕಿನ ಹೊರಗೆ ಬಟ್ಟೆ ಬರುವುದಿಲ್ಲ.

‘ಮುಖ ಮುಟ್ಟಬೇಡಿ’ ಎಂದದ್ದು ನೆನಪಿರಲಿ. ಮಾಸ್ಕಿನ ಹೊರಗಿದ್ದರೂ ಮುಖ ಬದಲಾಗುತ್ತದೆ! ಈ ಮಾಡೆಲ್‌ಗಳು 512 ಪಿಕ್ಸೆಲ್ ಅಗಲದ ಚಿತ್ರವನ್ನು 64 ಮನೆಗಳಿಗೆ ಕುಗ್ಗಿಸಿಕೊಂಡು ಕೆಲಸ ಮಾಡಿ, ಕೊನೆಗೆ ಮತ್ತೆ ಹಿಗ್ಗಿಸುತ್ತವೆ. ಈ ಹೋಗಿಬರುವುದರಲ್ಲಿ ಕಣ್ಣಿನ ರೆಪ್ಪೆ, ಮೂಗುತಿಯ ಹರಳು ಮಸುಕಾಗುತ್ತವೆ. ಆದ್ದರಿಂದ ಕೊನೆಗೆ ಮಾಸ್ಕಿನ ಹೊರಗಿನದೆಲ್ಲವನ್ನೂ ಮೂಲ ಫೋಟೊದಿಂದ ಮತ್ತೆ ಮೇಲೆ ಹಾಕಬೇಕು. ಕೆಲವು ತಂತ್ರಾಂಶಗಳು ತಾವೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ತಿಳಿಯುವುದು ಸುಲಭ: ಫೋಟೊಶಾಪ್‌ನಲ್ಲಿ ಹಳತು-ಹೊಸತು ಎರಡನ್ನೂ ಒಂದರ ಮೇಲೊಂದು ಇಟ್ಟು ಲೇಯರ್ ಮೋಡನ್ನು `Difference`ಗೆ ತಿರುಗಿಸಿ. ಮುಖದ ಜಾಗ ಅಪ್ಪಟ ಕಪ್ಪಾಗಿರಬೇಕು. ಮೂಗು, ಕಣ್ಣಿನ ಗೆರೆಗಳು ಮಂಕಾಗಿ ಕಂಡರೂ ಅದು ಮುಟ್ಟಿದ ಮುಖವೇ.

ಇಷ್ಟೆಲ್ಲ ಆದ ಮೇಲೂ ಅಜ್ಜಿ ಉಟ್ಟಿರುವುದು ಮೈಸೂರು ಸಿಲ್ಕ್ ಆಗಿರುವುದಿಲ್ಲ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯ ಸೀರೆಯೆಂದರೆ ಒಡಲು ಸರಳ, ಕ್ರೇಪಿನ ಮೆತ್ತನೆಯ ಇಳಿಬೀಳು, ಅಂಚಿನಲ್ಲಿ ಜರಿ. ಬರೀ ‘ರೇಷ್ಮೆ ಸೀರೆ’ ಎಂದು ಬರೆದರೆ ಮಾಡೆಲ್ ಕೊಡುವುದು ಗರಿಗರಿಯಾಗಿ ಮಿರುಗುವ, ಮೈತುಂಬ ಬುಟ್ಟಾ ಇರುವ ಮದುವೆ ಸೀರೆ. ‘ಬುಟ್ಟಾ ಇಲ್ಲದ ಕ್ರೇಪ್, ಕಡುಗೆಂಪು, ತೆಳು ಜರಿ ಅಂಚು’ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಒಡಲು ಪರವಾಗಿಲ್ಲ ಎನ್ನುವಂತೆ ಬರುತ್ತದೆ. ಜರಿ ಮಾತ್ರ ಕೈಕೊಡುತ್ತದೆ: ಎಂಟು ಪಿಕ್ಸೆಲ್‌ಗೊಂದೇ ಮನೆ ಇರುವಾಗ ಅದಕ್ಕಿಂತ ಸಣ್ಣ ಗೆರೆ ನೆಟ್ಟಗೆ ನಿಲ್ಲುವುದಿಲ್ಲ. ಸೀರೆಯ ಭಾಗವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ, ತುಂಬಿಸಿ ಮತ್ತೆ ಕುಗ್ಗಿಸಿದರೆ ಸ್ವಲ್ಪ ಸುಧಾರಿಸುತ್ತದೆ.

ಮನೆಯವರಿಗೆ ಅಜ್ಜಿಯ ಬೀರುವಿನಲ್ಲಿರುವ ಅದೇ ಸೀರೆ ಬೇಕೆಂದರೆ, ಅಂಚನ್ನು ಕ್ಯಾಮೆರಾದಲ್ಲಿ ತೆಗೆದು, ಹೊಸ ನೆರಿಗೆಗಳ ಗುಂಟ ಕೈಯಾರೆ ಬಗ್ಗಿಸಿ ಕೂರಿಸಬೇಕು. ಅಂಟಿಸಿದ ಗುರುತು ಮರೆಸಲು ಅಂಚಿನ ಮೇಲೆ ಕೊನೆಯ ಬಾರಿ ಮಾಡೆಲ್ ಓಡಿಸುವಾಗ ಇನ್‌ಪೇಂಟಿಂಗ್ ಮಾಡೆಲ್ ಬೇಕಿಲ್ಲ. ಇಲ್ಲಿ ಇರುವುದನ್ನು ಉಳಿಸಿಕೊಂಡೇ ನೆರಳು, ಹೊಳಪು ತಿದ್ದಬೇಕಾದ್ದರಿಂದ ಸಾಮಾನ್ಯ ಮಾಡೆಲನ್ನೇ 0.25ರ ಆಸುಪಾಸಿನಲ್ಲಿ ಓಡಿಸಿದರೆ ಸಾಕು.