‘ನಮಸ್ಕಾರ್ರೀ’ ಅಂದರೆ ಮುಂದೇನು?

ಸ್ಪ್ರೆಡ್‌ಶೀಟಿನ 17ನೇ ಸಾಲಿನಲ್ಲಿ ಹೀಗಿತ್ತು: `namaskarri akka, oota aatenri`. ಇಂಗ್ಲಿಷ್ ಅಕ್ಷರದಲ್ಲಿ ಅಚ್ಚ ಧಾರವಾಡ. ಪಕ್ಕದ ಕಾಲಂನಲ್ಲಿ ಚಾಟ್‌ಬಾಟ್ ಕೊಟ್ಟ ಉತ್ತರ: ‘ನಮಸ್ಕಾರ! ನಾನು ಕೃತಕ ಬುದ್ಧಿಮತ್ತೆ ಆಧಾರಿತ ಸಹಾಯಕ. ನನಗೆ ಆಹಾರದ ಅಗತ್ಯವಿರುವುದಿಲ್ಲ. ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಆ ಉತ್ತರಕ್ಕೆ ಒಬ್ಬರು 1 ಅಂಕ ಕೊಟ್ಟಿದ್ದರು, ಇನ್ನೊಬ್ಬರು ಸೊನ್ನೆ.

ಧಾರವಾಡದ ಒಂದು ಮನೆಯ ಮಹಡಿಯಲ್ಲಿ ಮೂವರು ಕೂತು ಮಾಡುತ್ತಿರುವ ಕೆಲಸ ಇದು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಉಳಿತಾಯ, ಸಾಲ, ಕಂತು ಇವುಗಳ ಬಗ್ಗೆ ಮೊಬೈಲಿನಲ್ಲಿ ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಲಿ ಎಂದು ಒಂದು ಚಾಟ್‌ಬಾಟ್ ಕಟ್ಟಿದ್ದಾರೆ. ಸಾಲದ ಲೆಕ್ಕವನ್ನೆಲ್ಲ ಅದು ಚೆನ್ನಾಗಿಯೇ ಹೇಳುತ್ತದೆ. ತೊಂದರೆ ಎಂದರೆ ಅನೇಕರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಒಂದು ನಮಸ್ಕಾರ ಕಳಿಸುತ್ತಾರೆ, ಉತ್ತರ ಓದುತ್ತಾರೆ, ಸುಮ್ಮನಾಗುತ್ತಾರೆ. ಹಾಗಾಗಿ ಬರೀ ನಮಸ್ಕಾರಗಳದೇ ಒಂದು ಪರೀಕ್ಷೆ ತಯಾರಿಸಿದ್ದಾರೆ. ಒಟ್ಟು 40 ಸಾಲು. ಪ್ರತಿ ಉತ್ತರಕ್ಕೂ ಒಂದೇ ಪ್ರಶ್ನೆ: ಇದನ್ನು ಓದಿದವರಿಗೆ ಮುಂದೆ ಮಾತಾಡಬೇಕು ಅನ್ನಿಸುತ್ತದೆಯೋ ಇಲ್ಲವೋ?

ನಲವತ್ತೇ ಸಾಲು ಎಂದಾಗ ನನಗೆ ನಗು ಬಂದಿತ್ತು. 2020ರಲ್ಲಿ ಗೂಗಲ್ ತನ್ನ ‘ಮೀನಾ’ ಎಂಬ ಮಾತುಗಾರ ಬಾಟನ್ನು ಅಳೆಯಲು 1,477 ಸಂಭಾಷಣೆಯ ತುಣುಕುಗಳನ್ನು ಇಟ್ಟುಕೊಂಡಿತ್ತು. ಆದರೆ ಆ ನಲವತ್ತನ್ನು ಅವರು ಆರಿಸಿದ ರೀತಿ ನೋಡಿದ ಮೇಲೆ ನನ್ನ ನಗು ನಿಂತಿತು. ಮೇಜಿನ ಮುಂದೆ ಕೂತು ಕಲ್ಪಿಸಿಕೊಂಡ ನಮಸ್ಕಾರ ಅದರಲ್ಲಿ ಒಂದೂ ಇಲ್ಲ. ನಿಜವಾಗಿ ಬಂದ ಮೊದಲ ಮೆಸೇಜುಗಳಿಂದ ಹೆಸರು, ಫೋನ್ ನಂಬರು ಅಳಿಸಿ, ಒಂದೇ ಥರದವನ್ನು ಗುಂಪು ಮಾಡಿ, ಪ್ರತಿ ಗುಂಪಿನಿಂದ ಕೆಲವನ್ನು ಎತ್ತಿಕೊಂಡಿದ್ದಾರೆ. ಬರೀ `hi` ಇದೆ. `hiiii` ಇದೆ. ‘ಆರಾಮ ಇದ್ದೀರೇನ್ರಿ ಮೇಡಂ’ ಇದೆ. ರಾತ್ರಿ ಹತ್ತಕ್ಕೆ ಬಂದ ‘ಶುಭೋದಯ’ ಇದೆ. ಉತ್ತರ ತಡವಾಯಿತೆಂದು ಬೇಸತ್ತು ಹಾಕಿದ `hello??` ಇದೆ. ನಾವೇ ಕೂತು ಬರೆದಿದ್ದರೆ ನಲವತ್ತರಲ್ಲಿ ಮೂವತ್ತು ‘ನಮಸ್ಕಾರ, ಹೇಗಿದ್ದೀರಿ?’ ಆಗಿರುತ್ತಿದ್ದವು, ಅದೂ ಅಲ್ಪವಿರಾಮ ಸಮೇತ.

ಇನ್ನೂ ಜಾಣತನದ ಕೆಲಸ ಇರುವುದು ಕೊನೆಯ ಹತ್ತು ಸಾಲುಗಳಲ್ಲಿ. ಅಲ್ಲಿ ಬಾಟ್ ಮಾತು ಮುಂದುವರಿಸಲು ಕರೆಯಬೇಕಾದ ಅಗತ್ಯವೇ ಇಲ್ಲ. ‘ನಮಸ್ಕಾರ ಸರ್, ನಮ್ಮ ಸಂಘದ ಸಾಲ ಯಾವಾಗ ಬರ್ತೈತಿ’ ಎಂದು ನಮಸ್ಕಾರದ ಜೊತೆಗೇ ಪ್ರಶ್ನೆ ಹಾಕಿದವರಿಗೆ ‘ಹೇಗೆ ಸಹಾಯ ಮಾಡಲಿ’ ಎಂದರೆ ಅದು ಕಿವುಡುತನ. ಅವರಿಗೆ ಬೇಕಾಗಿರುವುದು ಸಾಲದ ಸುದ್ದಿ. `aytri, thanks` ಎಂದು ಎದ್ದು ಹೊರಟವರನ್ನು ಸೆರಗು ಹಿಡಿದು ಕೂರಿಸಲೂಬಾರದು. ಈ ಹತ್ತು ಸಾಲು ಇಲ್ಲದಿದ್ದರೆ, ಎಲ್ಲದರ ಬಾಲಕ್ಕೂ ‘ಇನ್ನೇನಾದರೂ ಕೇಳುವುದಿದೆಯೇ?’ ಎಂದು ಅಂಟಿಸುವ ದಡ್ಡ ಬಾಟಿಗೂ ಪೂರ್ತಿ ಅಂಕ ಸಿಗುತ್ತಿತ್ತು.

ಮೊದಲು ಅಂಕ ಹಾಕುವುದನ್ನೂ ಕಂಪ್ಯೂಟರಿಗೇ ಬಿಟ್ಟಿದ್ದರಂತೆ. ಉತ್ತರ ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿದರೆ 1, ಇಲ್ಲದಿದ್ದರೆ 0. ಒಂದು ಸಾಲಿನ ಪ್ರೋಗ್ರಾಂ:

```python
score = int(reply.strip().endswith("?"))
```

ಇದು ಎರಡೂ ಕಡೆ ತಪ್ಪುತ್ತದೆ. ‘ಮತ್ತೇನೂ ಇಲ್ಲ ಅಲ್ವಾ?’ ಎಂಬುದಕ್ಕೆ ಪೂರ್ತಿ ಅಂಕ ಸಿಗುತ್ತದೆ, ‘ನಮಸ್ಕಾರ್ರೀ ಅಕ್ಕಾ, ಹೇಳ್ರಿ’ ಎಂಬುದಕ್ಕೆ ಸೊನ್ನೆ. ಫೋನ್ ಎತ್ತಿ ‘ಹೇಳ್ರಿ’ ಅನ್ನುವುದಕ್ಕಿಂತ ದೊಡ್ಡ ಆಹ್ವಾನ ಈ ಸೀಮೆಯಲ್ಲಿ ಯಾವುದಿದೆ?

ಫೋನಿನ ಮಾತು ಬಂತಲ್ಲ, ನನಗೆ ಬಹಳ ಪ್ರಿಯವಾದ ಒಂದು ಹಳೆಯ ಸಂಗತಿಯನ್ನು ಹೇಳಿಬಿಡುತ್ತೇನೆ. 1968ರಲ್ಲಿ ಇಮ್ಯಾನುಯೆಲ್ ಶೆಗ್ಲಾಫ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಸಂಭಾಷಣೆಗಳು ಹೇಗೆ ಶುರುವಾಗುತ್ತವೆ ಎಂಬ ಬಗ್ಗೆ ಒಂದು ಪ್ರಬಂಧ ಬರೆದ. ಪೊಲೀಸ್ ಇಲಾಖೆಯೊಂದರ ಸುಮಾರು 500 ಫೋನ್ ಕರೆಗಳ ಧ್ವನಿಮುದ್ರಣ ಅವನ ಬಳಿ ಇತ್ತು. ಅದರಿಂದ ಅವನಿಗೆ ಹೊಳೆದ ನಿಯಮ ಸರಳವಾದದ್ದು: ಫೋನ್ ಎತ್ತಿದವರೇ ಮೊದಲು ಮಾತಾಡುತ್ತಾರೆ. ಒಂದೇ ಒಂದು ಕರೆಯಲ್ಲಿ ಮಾತ್ರ ಅದು ಮುರಿದಿತ್ತು. ಆ ಕಡೆಯವರು ಫೋನ್ ಎತ್ತಿ ಸುಮ್ಮನಿದ್ದರು, ಕರೆ ಮಾಡಿದ ಪೊಲೀಸನೇ ‘ಹಲೋ’ ಅಂದ. ಬೇರೆ ಯಾರಾದರೂ ಆಗಿದ್ದರೆ ಐನೂರರಲ್ಲಿ ಒಂದು ತಾನೇ ಎಂದು ಬದಿಗೆ ಸರಿಸುತ್ತಿದ್ದರು. ಶೆಗ್ಲಾಫ್ ಆ ಒಂದಕ್ಕಾಗಿ ನಿಯಮವನ್ನೇ ಮತ್ತೆ ಬರೆದ. ಫೋನಿನ ಗಂಟೆಯೇ ಒಂದು ಕರೆ, ‘ಹಲೋ’ ಅದಕ್ಕೆ ಓಗೊಡುವುದು, ಓಗೊಡದಿದ್ದಾಗ ಕರೆದವನು ಇನ್ನೊಮ್ಮೆ ಕರೆಯುತ್ತಾನೆ. ಆ ಪೊಲೀಸನ ‘ಹಲೋ’ ಮಾತಿನ ಆರಂಭವಲ್ಲ, ಗಂಟೆಯನ್ನು ಎರಡನೇ ಸಲ ಬಾರಿಸಿದ್ದು. ಓಗೊಟ್ಟ ಮೇಲೆ ಮುಂದಿನ ಸರದಿ ಕರೆದವರದು, ವಿಷಯ ತರಬೇಕಾದವರೂ ಅವರೇ.

ಇಷ್ಟು ಉದ್ದಕ್ಕೆ ಹೇಳಿದ್ದು ನನ್ನ ಚಪಲಕ್ಕೆ ಮಾತ್ರ ಅಲ್ಲ. ನಮ್ಮ ಹಾಳೆಯ `hello??` ಅದೇ ಎರಡನೇ ಗಂಟೆ. ಅದಕ್ಕೆ ‘ಹಲೋ! ನಿಮ್ಮನ್ನು ಭೇಟಿಯಾಗಿ ಸಂತೋಷವಾಯಿತು’ ಎಂಬ ಉತ್ತರ ಎಷ್ಟು ಸಿಹಿಯಾಗಿದ್ದರೂ ಸೋತ ಉತ್ತರ. ಈ ತಂಡದವರು ಶೆಗ್ಲಾಫ್‌ನನ್ನು ಓದಿದವರಲ್ಲ. ಆದರೂ ಆ ಸಾಲಿನ ಎದುರು ‘ತಡವಾಯಿತು ಎಂಬುದನ್ನು ಒಪ್ಪಿಕೊಂಡು ಸರದಿ ಅವರಿಗೆ ಬಿಡಬೇಕು’ ಎಂದು ಬರೆದಿಟ್ಟಿದ್ದಾರೆ. ಎಂಥ ಉತ್ತರ ಬೇಕು ಎಂಬ ಈ ಟಿಪ್ಪಣಿ ಎಲ್ಲ ಸಾಲಿಗೂ ಇದೆ, ಅದೂ ಬಾಟಿನ ಉತ್ತರ ನೋಡುವ ಮೊದಲೇ ಬರೆದದ್ದು. ನೋಡಿದ ಮೇಲೆ ಬರೆದರೆ ಬಂದದ್ದೇ ಸರಿ ಅನ್ನಿಸಲು ಶುರುವಾಗುತ್ತದೆ.

ಅಂಕ ಹಾಕಿದವರು ಇಬ್ಬರು: ತಂಡದ ಒಬ್ಬ ಹುಡುಗಿ, ಮತ್ತು ಸಂಘದ ಪುಸ್ತಕ ಬರೆಯುವ ಒಬ್ಬ ಹಿರಿಯ ಅಕ್ಕ. ಐದು ಅಂಕದ ಪಟ್ಟಿ ಕೊಟ್ಟಾಗ ಇಬ್ಬರೂ ಎಲ್ಲದಕ್ಕೂ ಮೂರು, ನಾಲ್ಕು ಹಾಕಿದರಂತೆ. ಆಮೇಲೆ ‘ಸರಿ’, ‘ಸರಿಯಲ್ಲ’ ಎರಡನ್ನೇ ಇಟ್ಟರು. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣುವುದಿಲ್ಲ. ನಲವತ್ತರಲ್ಲಿ ಇಬ್ಬರೂ ಸರಿ ಅಂದದ್ದು 22, ಇಬ್ಬರೂ ಸರಿಯಲ್ಲ ಅಂದದ್ದು 10, ಜಗಳ 8. ನೂರಕ್ಕೆ 80 ಒಮ್ಮತ, ಕೇಳಲು ಸೊಗಸು. ಆದರೆ ಹುಡುಗಿ ಒಟ್ಟು 28ಕ್ಕೆ ಸರಿ ಹಾಕಿದ್ದಳು, ಅಕ್ಕ 24ಕ್ಕೆ. ಇಬ್ಬರೂ ಉತ್ತರಗಳನ್ನು ಓದದೆ, ಅಷ್ಟಷ್ಟೇ ‘ಸರಿ’ಗಳನ್ನು ಕಣ್ಣುಮುಚ್ಚಿ ಹಂಚಿದ್ದರೂ ನೂರಕ್ಕೆ 54ರಷ್ಟು ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಆ ಪುಕ್ಕಟೆ ಪಾಲನ್ನು ಕಳೆದು ಅಳೆಯುವ ಕ್ರಮವನ್ನು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ. ಪುಕ್ಕಟೆಯಾಗಿ ಸಿಗದ ಪಾಲು 46, ಅದರಲ್ಲಿ ಇವರು ಗಳಿಸಿದ್ದು 26. ಅಂದರೆ 0.57. ಪರವಾಗಿಲ್ಲ, ಆದರೆ ಇದನ್ನು ನಂಬಿ ಬಾಟನ್ನು ತಿದ್ದುವಷ್ಟು ಗಟ್ಟಿಯಲ್ಲ.

ಜಗಳದ ಎಂಟನ್ನು ಬಿಡಿಸಿ ನೋಡಿದರೆ ಐದರಲ್ಲಿ ಒಂದೇ ಕಾರಣ. ಬರೀ `hi` ಅಂದವರಿಗೆ ಬಾಟ್ ಏಳು ಸಾಲಿನ ಪಟ್ಟಿ ಒಪ್ಪಿಸಿತ್ತು: 1 ಒತ್ತಿದರೆ ಉಳಿತಾಯ, 2 ಒತ್ತಿದರೆ ಸಾಲ, ಹೀಗೆ. ಹುಡುಗಿಗೆ ಇದು ಏಳು ದಾರಿ ತೋರಿಸಿದ ಹಾಗೆ ಕಂಡಿತು. ಅಕ್ಕ ಒಪ್ಪಲಿಲ್ಲ. ‘ಅಲ್ಲವಾ, ಇಷ್ಟೆಲ್ಲಾ ಯಾರು ಓದತಾರ? ನಮ್ಮ ಹೆಣ್ಮಕ್ಕಳು ನೋಡಿ ಫೋನ್ ಕೆಳಗ ಇಡತಾರ.’ ಕೊನೆಗೆ ನಿಯಮದ ಹಾಳೆಗೆ ಒಂದು ಸಾಲು ಸೇರಿತು: ಹೆಚ್ಚೆಂದರೆ ಎರಡು ಆಯ್ಕೆ, ಅದೂ ಸಂಘದಲ್ಲಿ ಆಡುವ ಮಾತಿನಲ್ಲಿ. 17ನೇ ಸಾಲಿನ ಜಗಳವೂ ಹಾಗೆಯೇ ತೀರಿತು. ಊಟ ವಿಚಾರಿಸಿದವರಿಗೆ ತಾನು ಯಂತ್ರ ಎಂಬ ನಿಜ ಹೇಳಲಿ, ಆದರೆ ಉಪನ್ಯಾಸ ಬೇಡ. ‘ನಮಸ್ಕಾರ್ರೀ ಅಕ್ಕಾ. ನಾನು ಯಂತ್ರ, ಊಟದ ಚಿಂತಿ ಇಲ್ರಿ. ಉಳಿತಾಯದ್ದು ಕೇಳೋದಿತ್ತೋ, ಸಾಲದ್ದೋ? ಹೇಳ್ರಿ’ ಎಂಬುದು ಮಾದರಿ ಉತ್ತರವಾಯಿತು. ಹಳೆಯ ಅಂಕ ಅಳಿಸಿ ಇಬ್ಬರೂ ಹೊಸದಾಗಿ ಹಾಕಿದರು.

ಬಾಟಿಗೆ ಕೊಡುವ ಸೂಚನೆಯನ್ನು ತಿದ್ದಿ ಮತ್ತೆ ಓಡಿಸಿದಾಗ 24 ಇದ್ದ ‘ಸರಿ’ 28 ಆಯಿತು. ತಂಡದಲ್ಲಿ ಖುಷಿಯೋ ಖುಷಿ. ಇಲ್ಲಿ ನಾನು ಸ್ವಲ್ಪ ತಣ್ಣೀರು ಎರಚಲೇಬೇಕು. ಹಳೆಯ ಹಾಳೆ, ಹೊಸ ಹಾಳೆ ಅಕ್ಕಪಕ್ಕ ಇಟ್ಟರೆ ಬದಲಾದದ್ದು ಎಂಟೇ ಸಾಲು: ಆರು ಸುಧಾರಿಸಿದ್ದವು, ಎರಡು ಕೆಟ್ಟಿದ್ದವು. ನಾಣ್ಯವನ್ನು ಎಂಟು ಸಲ ಚಿಮ್ಮಿದರೆ ಯಾವುದೋ ಒಂದು ಮುಖ ಆರು ಅಥವಾ ಹೆಚ್ಚು ಸಲ ಬೀಳುವ ಸಂಭವ ನೂರಕ್ಕೆ ಸುಮಾರು 29. ಅಂದರೆ ಈ ಗೆಲುವು ಬರೀ ಅದೃಷ್ಟವಾಗಿರುವುದಕ್ಕೂ ಸಾಕಷ್ಟು ಅವಕಾಶ ಇದೆ. ಅದೂ ಅಲ್ಲದೆ ಒಂದೇ ನಮಸ್ಕಾರಕ್ಕೆ ಈ ಬಾಟ್ ಪ್ರತಿ ಸಲ ಬೇರೆ ಬೇರೆ ಉತ್ತರ ಕೊಡುತ್ತದೆ. ಈಗ ಪ್ರತಿ ಸಾಲನ್ನೂ ಐದೈದು ಸಲ ಓಡಿಸಿ, ಹಳೆಯದು, ಹೊಸದು ಯಾವುದೆಂದು ಗೊತ್ತಾಗದಂತೆ ಕಲೆಸಿ ಅಂಕ ಹಾಕಿಸುತ್ತಾರೆ.

ಸಣ್ಣ ಪರೀಕ್ಷೆಯ ನಿಜವಾದ ಉಪಯೋಗ ಮೊತ್ತದಲ್ಲಿ ಇಲ್ಲ, ಕೆಟ್ಟ ಸಾಲುಗಳನ್ನು ಕಣ್ಣಾರೆ ಓದಬಹುದು ಎಂಬುದರಲ್ಲಿದೆ. ಕೆಟ್ಟ ಆ ಎರಡೂ ಸಾಲುಗಳು ವಿದಾಯದವು. `aytri, thanks` ಅಂದವರಿಗೆ ಹೊಸ ಬಾಟ್ ‘ಉಳಿತಾಯದ್ದೋ, ಸಾಲದ್ದೋ?’ ಎಂದು ಕೇಳಿತ್ತು. ಸೂಚನೆಯಲ್ಲಿ ‘ಪ್ರತಿ ಉತ್ತರದ ಕೊನೆಗೂ ಪ್ರಶ್ನೆ ಇರಲಿ’ ಎಂದು ಯಾರೋ ಸೇರಿಸಿದ್ದರು. ಆ ವಾಕ್ಯಕ್ಕೆ ‘ಹೊರಟವರನ್ನು ಬಿಟ್ಟು’ ಎಂಬ ಎರಡು ಪದ ಸೇರಿದ ಮೇಲೆ ಎರಡೂ ಸಾಲು ಸರಿಹೋದವು. ಸಾವಿರ ಸಾಲಿನ ಪರೀಕ್ಷೆಯಾಗಿದ್ದರೆ ಮೊತ್ತ ಏರಿದ ಸಡಗರದಲ್ಲಿ ಇವನ್ನು ಯಾರು ಓದುತ್ತಿದ್ದರು?

ಮಾತಿಗೆ ಎಳೆಯುವ ಯಂತ್ರಗಳ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. 1966ರಲ್ಲಿ ಜೋಸೆಫ್ ವೈಜನ್‌ಬಾಮ್ ಲೋಕಕ್ಕೆ ತೋರಿಸಿದ ‘ಎಲಿಜಾ’ ಮಾಡುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಅದು ವೈದ್ಯರ ವೇಷದಲ್ಲಿ ಸಮಸ್ಯೆ ಹೇಳಿ ಎಂದು ಶುರುಮಾಡಿ, ನಮ್ಮ ಮಾತನ್ನೇ ಪ್ರಶ್ನೆ ಮಾಡಿ ಹಿಂತಿರುಗಿಸುತ್ತಿತ್ತು. ಏನೂ ಅರ್ಥವಾಗದ ಆ ಪ್ರೋಗ್ರಾಮಿಗೆ ಜನ ಮನಸ್ಸು ಬಿಚ್ಚಿದ್ದು ಕಂಡು ಅದನ್ನು ಕಟ್ಟಿದವನೇ ಗಾಬರಿಯಾದ. ಹಾಗಾಗಿ ‘ಮುಂದುವರಿಸಲು ಕರೆಯಿತೇ’ ಎಂದಷ್ಟೇ ಅಳೆದರೆ ಸಾಲದು. ಇವರು ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದಾರೆ: ನಮಸ್ಕಾರದ ನಂತರದ ಎರಡನೇ ಮೆಸೇಜಿನಲ್ಲಿ ನಿಜವಾದ ಪ್ರಶ್ನೆ ಬಂತೇ ಎಂದು. ಹಾಳೆಯಲ್ಲಿ ಗೆದ್ದ ಉತ್ತರದ ಮುಂದೆ ಬಳಕೆದಾರರು ಆಗಲೂ ಸುಮ್ಮನಿದ್ದರೆ, ತಪ್ಪು ಹಾಳೆಯದು.

ಒಂದು ಅಪಾಯ ಮಾತ್ರ ಉಳಿದೇ ಇದೆ. ಸೂಚನೆ ಬರೆಯುವ ಹುಡುಗ ಉದಾಹರಣೆಗೆಂದು ಇದೇ ನಲವತ್ತರಿಂದ ನಾಲ್ಕನ್ನು ಬಾಟಿಗೆ ತೋರಿಸಿಬಿಟ್ಟಿದ್ದ. ಪ್ರಶ್ನೆಪತ್ರಿಕೆ ಸೋರಿಕೆ ಆದಂತೆಯೇ. ಆ ನಾಲ್ಕನ್ನು ತೆಗೆದು, ಅವೇ ಗುಂಪುಗಳಿಂದ ಬೇರೆ ನಾಲ್ಕು ಸೇರಿಸಿದ್ದಾರೆ. ಹಾಳೆ ಈಗ ಪುಸ್ತಕ ಬರೆಯುವ ಅಕ್ಕನ ಫೋನಿನಲ್ಲಿ ಮಾತ್ರ ಇದೆ, ಹುಡುಗನಿಗೆ ಸಿಗುವುದು ಬಿದ್ದ ಸಾಲು ಯಾವ ಗುಂಪಿನದು ಎಂಬ ಸುದ್ದಿಯಷ್ಟೇ. ಮುಂದಿನ ಹಾಳೆ ಧ್ವನಿ ಮೆಸೇಜುಗಳದು. ಅದಕ್ಕೆ ಬಂದು ಬಿದ್ದಿರುವ ಮೊದಲ ಮಾದರಿಗಳಲ್ಲಿ ಒಂದು ಬರೀ ‘ಹಲೋ... ಹಲೋ... ಕೇಳಸ್ತೈತೇನ್ರಿ?’