ಭೋಗ್ಯಕ್ಕೆ ಇಂಗ್ಲಿಷಿನಲ್ಲಿ ಏನೆನ್ನೋಣ?

ಬೆಂಗಳೂರಿನ ಗೇಟೊಂದರಲ್ಲಿ ‘ಮನೆ ಲೀಸ್‌ಗೆ ಇದೆ’ ಎಂಬ ಬೋರ್ಡು ಕಂಡರೆ ಇಲ್ಲಿನವರು ಅರ್ಥ ಕೇಳುವುದಿಲ್ಲ. ಒಟ್ಟಿಗೆ ದೊಡ್ಡ ಮೊತ್ತ ಕೊಡಬೇಕು, ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವ ದಿನ ಹಣ ವಾಪಸ್. ಅಂದರೆ ಭೋಗ್ಯ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 105ನೇ ಕಲಮಿನಲ್ಲಿರುವ ಲೀಸ್ ಇದಲ್ಲ. ಅದರ ಪ್ರಕಾರ ತಿಂಗಳ ಬಾಡಿಗೆಗೆ ಕೊಟ್ಟ ಮನೆಯೂ ಲೀಸೇ. ಪದ ಒಂದೇ, ಬೀದಿಯ ಅರ್ಥ ಬೇರೆ, ಕೋರ್ಟಿನ ಅರ್ಥ ಬೇರೆ.

ಹನ್ನೆರಡು ಲಕ್ಷಕ್ಕೆ ಮೂರು ವರ್ಷದ ಭೋಗ್ಯವೆಂದು ಕನ್ನಡದಲ್ಲಿ ಪತ್ರವಾಗಿದೆ, ಮನೆಗೆ ಬರುವವರಿಗೆ ಕನ್ನಡ ಓದಲು ಬಾರದು ಎಂದುಕೊಳ್ಳಿ. ಅನುವಾದಕ ಮೊದಲು ಎಡವುವುದು ‘ಭೋಗ್ಯದ ಹಣ’ ಎಂಬಲ್ಲಿ. ‘ಅಡ್ವಾನ್ಸ್’ ಎಂದರೆ ಬಾಡಿಗೆಗೆ ವಜಾ ಮಾಡಿಕೊಳ್ಳಬಹುದಾದ ಮುಂಗಡ ಎನಿಸುತ್ತದೆ. ಇಲ್ಲಿ ಬಾಡಿಗೆಯೇ ಇಲ್ಲ. ‘ಸೆಕ್ಯುರಿಟಿ ಡೆಪಾಸಿಟ್’ ಎಂದರೆ ಸುಣ್ಣಬಣ್ಣದ ಲೆಕ್ಕ ತೋರಿಸಿ ಒಂದಿಷ್ಟು ಹಿಡಿದುಕೊಳ್ಳಲು ಮಾಲೀಕರಿಗೆ ದಾರಿ. ಎಲ್ಲಕ್ಕಿಂತ ಅಪಾಯದ್ದು ‘ಪ್ರೀಮಿಯಂ’. 105ನೇ ಕಲಮಿನಲ್ಲಿ ಅದು ಲೀಸಿಗಾಗಿ ತೆತ್ತ ಬೆಲೆ. ತೆತ್ತ ಬೆಲೆಯನ್ನು ಯಾರೂ ವಾಪಸ್ ಕೇಳುವುದಿಲ್ಲ.

ಅದೇ ಕಾಯಿದೆಯ 58ನೇ ಕಲಮಿನಲ್ಲಿ ಭೋಗ್ಯದ ಹತ್ತಿರದ ನೆಂಟನೊಬ್ಬನಿದ್ದಾನೆ: ಯೂಸುಫ್ರಕ್ಚುರಿ ಮಾರ್ಟ್‌ಗೇಜ್. ಮನೆಯ ಒಡೆಯ ಸಾಲಗಾರ, ಮನೆಯೇ ಆಧಾರ. ಹಣ ಕೊಟ್ಟವರು ಬಡ್ಡಿಯ ಬದಲು ಮನೆಯನ್ನು ಅನುಭವಿಸುತ್ತಾರೆ, ಅಸಲು ಕೈಸೇರುವವರೆಗೆ ಬಿಟ್ಟುಕೊಡಬೇಕಿಲ್ಲ. ಇದೇ ಸರಿ ಎಂದು ಬರೆದುಬಿಡುವ ಆಸೆಯಾಗುತ್ತದೆ. ಆದರೆ ನೂರು ರೂಪಾಯಿ ಅಥವಾ ಹೆಚ್ಚಿನ ಮೊತ್ತದ ಇಂಥ ಅಡಮಾನಕ್ಕೆ ನೋಂದಣಿಯೂ ಇಬ್ಬರು ಸಾಕ್ಷಿಗಳ ರುಜುವೂ ಬೇಕೆನ್ನುತ್ತದೆ 59ನೇ ಕಲಂ. (ನೂರು ರೂಪಾಯಿ ಎಂಬುದು ಆ ಕಾಲದ ಮೊತ್ತ.) ಛಾಪಾ ಕಾಗದದಲ್ಲಿ ಟೈಪಾಗಿ ನೋಂದಣಿಯಾಗದೆ ಉಳಿದ ಪತ್ರಕ್ಕೆ ಆ ಹೆಸರಿಟ್ಟರೆ, ಮೂಲದಲ್ಲಿಲ್ಲದ ಬಲವನ್ನು ಅನುವಾದ ತೋರಿಸಿದಂತೆ.

ಹಾಗಾಗಿ ನಾನಾದರೆ ‘ಭೋಗ್ಯ’ವನ್ನು ಭೋಗ್ಯವೆಂದೇ ಬಿಟ್ಟು, ಅದು ಮೊದಲು ಬರುವ ಕಡೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತೇನೆ: ಇಷ್ಟು ಹಣ, ಇಷ್ಟು ಅವಧಿ, ಬಾಡಿಗೆಯೂ ಇಲ್ಲ ಬಡ್ಡಿಯೂ ಇಲ್ಲ. ಬೀಗದ ಕೈ ಕೊಡುವಾಗಲೇ ಪೂರ್ತಿ ಹಣ ವಾಪಸಾಗಬೇಕೆಂದು ಮೂಲದಲ್ಲಿದ್ದರೆ ಅದನ್ನೂ ಬರೆಯುತ್ತೇನೆ. ಇಲ್ಲದಿದ್ದರೆ ನನ್ನ ಕಡೆಯಿಂದ ಸೇರಿಸದೆ, ಪತ್ರವನ್ನೇ ತಿದ್ದಿಸಿಕೊಳ್ಳಿ ಎನ್ನುತ್ತೇನೆ. ಎರಡು ಭಾಷೆಯ ಪ್ರತಿಗಳಲ್ಲಿ ತಕರಾರು ಬಂದರೆ ಯಾವುದು ಊರ್ಜಿತ ಎಂಬ ಸಾಲನ್ನೂ ಆಗಲೇ ಹಾಕಿಸಬೇಕು. ಶೀರ್ಷಿಕೆಗಾಗಿ ಜಗಳ ಬೇಡ. ಪತ್ರದ ಹೆಸರಿಗಿಂತ ಅದರ ತಿರುಳನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1959ರಲ್ಲೇ, ಒಂದು ಹೋಟೆಲಿನ ಲೀಸ್ ಮೊಕದ್ದಮೆಯಲ್ಲಿ ಹೇಳಿದೆ.